ಆಗಸ್ಟ್ ಬಿಲ್ಲಿನ 1,210 ರೂಪಾಯಿ ಎಲ್ಲಿ ಹೋಯಿತು?

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಗಳ ಪ್ಯಾನೆಲ್ ಬೋರ್ಡು, ಮೋಟಾರು, ವೈರಿಂಗ್ ಕೆಟ್ಟಾಗ ಹೋಗಿ ಸರಿಮಾಡಿಕೊಡುವ ಸಣ್ಣ ಗುತ್ತಿಗೆದಾರರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರದು ಸ್ವಂತ ಹೆಸರಿನ ವ್ಯವಹಾರ, ಪಾಲುದಾರರಿಲ್ಲ. ಒಂದು ಕಂಪನಿಗೆ ತಿಂಗಳಿಗೊಂದು ಬಿಲ್ ಕಳಿಸುತ್ತಾರೆ. ವರ್ಷದ ಒಪ್ಪಂದ ಅಂತೇನೂ ಇಲ್ಲ, ಕರೆದಾಗ ಹೋಗಿ ಮಾಡಿದ ಕೆಲಸಕ್ಕೆ ತಿಂಗಳ ಕೊನೆಗೆ ಬಿಲ್. 2024ರ ಏಪ್ರಿಲ್‌ನಿಂದ ಜುಲೈವರೆಗೆ ನಾಲ್ಕು ಬಿಲ್ ಹೋದವು, ನಾಲ್ಕಕ್ಕೂ ಪೂರ್ತಿ ಹಣ ಬಂತು. ಆಗಸ್ಟ್ ಬಿಲ್ 25,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 4,500, ಒಟ್ಟು 29,500. ಬ್ಯಾಂಕಿಗೆ ಬಿದ್ದದ್ದು ಮಾತ್ರ 28,290.

ಫೋನು ಹೋಗುತ್ತದೆ. ಆ ಕಡೆ ಅಕೌಂಟ್ಸ್ ವಿಭಾಗದ ಹುಡುಗಿ: ‘ಸರ್, ಟಿಡಿಎಸ್ ಕಟ್ ಆಗಿದೆ. ಒನ್ ಪರ್ಸೆಂಟ್.’

‘ಒನ್ ಪರ್ಸೆಂಟ್ ಅಂದ್ರೆ ಇನ್ನೂರ ಐವತ್ತಲ್ವೇನಮ್ಮಾ? ಸಾವಿರದ ಇನ್ನೂರ ಹತ್ತು ಹಿಡಿದಿದೀರಲ್ಲ!’

‘ಸಿಸ್ಟಮ್ ಹಂಗೇ ತೋರಿಸ್ತಿದೆ ಸರ್.’

ಇಬ್ಬರ ಮಾತೂ ಸರಿ. ಜಗಳ ಹುಟ್ಟುವುದೂ ಅದಕ್ಕೇ. ಕಂಪನಿ ಹಿಡಿದದ್ದು ನೂರಕ್ಕೆ ಒಂದೇ, ಆದರೆ 25,000ಕ್ಕಲ್ಲ. ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ, ದರವೊಂದರಿಂದ ಅರ್ಥವಾಗುವುದಿಲ್ಲ. ಯಾವ ಮೊತ್ತದ ಮೇಲೆ ಹಿಡಿದರು ಎಂಬುದು ದರದಷ್ಟೇ ಮುಖ್ಯ. ಅದನ್ನು ಯಾರೂ ಹೇಳದಿದ್ದರೂ ಹಿಂದಿನಿಂದ ಲೆಕ್ಕ ಹಾಕಿ ಕಂಡುಹಿಡಿಯಬಹುದು. ಕಮ್ಮಿ ಬಂದ 1,210 ಶೇಕಡಾ 1 ಆಗಬೇಕಾದರೆ ಮೂಲ ಮೊತ್ತ 1,21,000 ಆಗಿರಬೇಕು. ಈಗ ಹಿಂದಿನ ಬಿಲ್ಲುಗಳನ್ನು ತೆಗೆದು ನೋಡಿ. ಜಿಎಸ್‌ಟಿ ಬಿಟ್ಟು ಏಪ್ರಿಲ್ 24,000, ಮೇ 21,000, ಜೂನ್ 28,000, ಜುಲೈ 23,000. ಕೂಡಿದರೆ 96,000. ಅದಕ್ಕೆ ಆಗಸ್ಟಿನ 25,000 ಸೇರಿಸಿದರೆ ಸರಿಯಾಗಿ 1,21,000.

ಆದಾಯ ತೆರಿಗೆ ಕಾಯ್ದೆಯ 194ಸಿ ಸೆಕ್ಷನ್ ಗುತ್ತಿಗೆ ಕೆಲಸದ ಹಣಕ್ಕೆ ಸಂಬಂಧಪಟ್ಟದ್ದು. ಅದರಲ್ಲಿ ಎರಡು ಮಿತಿಗಳಿವೆ. ಒಂದೇ ಬಿಲ್ 30,000 ರೂಪಾಯಿ ದಾಟಿದರೆ ಅದರ ಮೇಲೆ ತೆರಿಗೆ ಹಿಡಿಯಬೇಕು. ಬಿಲ್ಲುಗಳು ಅದಕ್ಕಿಂತ ಸಣ್ಣವಾದರೂ ಒಂದು ಹಣಕಾಸು ವರ್ಷದಲ್ಲಿ ಒಟ್ಟು ಮೊತ್ತ ಒಂದು ಲಕ್ಷ ದಾಟಿದರೆ ಆಗಲೂ ಹಿಡಿಯಬೇಕು. ಲಕ್ಷ ದಾಟಿದ ಮೇಲೆ ಹಿಡಿಯುವುದು ದಾಟಿದ ಭಾಗಕ್ಕಷ್ಟೇ ಅಲ್ಲ, ವರ್ಷದ ಮೊದಲ ಬಿಲ್ಲಿನಿಂದ ಕೂಡಿದ ಅಷ್ಟಕ್ಕೂ. ಏಪ್ರಿಲ್‌ನಿಂದ ಜುಲೈವರೆಗೆ ಹಿಡಿಯದೆ ಬಿಟ್ಟ 960 ರೂಪಾಯಿ, ಆಗಸ್ಟಿನ 250 ರೂಪಾಯಿ ಎರಡೂ ಒಂದೇ ಪಾವತಿಯ ಮೇಲೆ ಬಿದ್ದವು. ಗುತ್ತಿಗೆದಾರರ ಕಣ್ಣಿಗೆ ಅದು ಹೆಚ್ಚುಕಡಿಮೆ ಶೇಕಡಾ 5ರಂತೆ ಕಂಡಿತು. ಪಾವತಿಯ ಜತೆಗೆ ‘ಏಪ್ರಿಲ್–ಆಗಸ್ಟ್ ಐದು ಬಿಲ್, ಒಟ್ಟು 1,21,000, ಸೆಕ್ಷನ್ 194ಸಿ, ಶೇ 1’ ಎಂದು ಒಂದು ಸಾಲು ಬರೆದಿದ್ದರೆ ಈ ಫೋನೇ ಬೇಕಿರಲಿಲ್ಲ. ದೊಡ್ಡ ಕಂಪನಿಗಳ ಪಾವತಿ ವಿವರದ ಪತ್ರದಲ್ಲಿ ಇರುವುದೆಲ್ಲ ಉದ್ದುದ್ದ ಸಂಖ್ಯೆಗಳು. ಬೇಕಾದ ಈ ಒಂದು ಸಾಲೇ ಇರುವುದಿಲ್ಲ.

ಸರಕು ಮಾರುವವರಿಗೆ ಇದೇ ರೀತಿ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. 2021ರ ಜುಲೈನಿಂದ ಬಂದ 194ಕ್ಯೂ ಪ್ರಕಾರ, ಹಿಂದಿನ ವರ್ಷ ಹತ್ತು ಕೋಟಿಗಿಂತ ಹೆಚ್ಚು ವಹಿವಾಟು ಮಾಡಿದ ಖರೀದಿದಾರರು ಒಬ್ಬರಿಂದಲೇ ವರ್ಷಕ್ಕೆ 50 ಲಕ್ಷಕ್ಕಿಂತ ಹೆಚ್ಚಿನ ಸರಕು ಕೊಂಡರೆ ಶೇ 0.1 ಹಿಡಿಯುತ್ತಾರೆ. ಅದು 50 ಲಕ್ಷ ಮೀರಿದ ಭಾಗದ ಮೇಲೆ ಮಾತ್ರ. ಹಿಂದಕ್ಕೆ ಹೋಗಿ ಮೊದಲಿನಿಂದ ಹಿಡಿಯುವ ಮಾತು ಅಲ್ಲಿಲ್ಲ.

ಕಮ್ಮಿ ಬಂದ ಹಣವನ್ನು ಜಿಎಸ್‌ಟಿ ಬಿಟ್ಟ ಬಿಲ್ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿ ಬಹಳಷ್ಟು ಸಲ ತಾನೇ ಕಾರಣ ಹೇಳಿಬಿಡುತ್ತದೆ. 1 ಬಂದರೆ ಗುತ್ತಿಗೆ ಕೆಲಸ, ಸ್ವಂತ ಹೆಸರಿನ ವ್ಯವಹಾರ. 2 ಬಂದರೆ ಅದೇ ಗುತ್ತಿಗೆ ಕೆಲಸ, ಆದರೆ ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ದರ. 10 ಬಂದರೆ ವೃತ್ತಿಪರ ಸೇವೆ ಎಂದು 194ಜೆ ಅಡಿ ಹಿಡಿದಿರಬಹುದು. 1.18 ಅಥವಾ 2.36 ಎಂಬ ವಿಚಿತ್ರ ಅಂಕಿ ಬಂದರೆ ಅನುಮಾನವೇ ಬೇಡ, ಜಿಎಸ್‌ಟಿ ಸೇರಿದ ಮೊತ್ತದ ಮೇಲೆ ಹಿಡಿದಿದ್ದಾರೆ. 20 ಬಂದರೆ ಕೂಡಲೇ ಎಚ್ಚರಾಗಬೇಕು. ಪ್ಯಾನ್ ಕೊಡದವರಿಗೆ ಹಿಡಿಯುವ ದರ ಅದು, ಆಧಾರ್ ಜತೆ ಜೋಡಿಸದೆ ನಿಷ್ಕ್ರಿಯವಾದ ಪ್ಯಾನ್‌ಗೂ ಅದೇ ಗತಿ. 25,000ದ ಬಿಲ್ಲಿಗೆ 5,000 ಹೋಗುತ್ತದೆ.

ಶೇ 1 ಹಿಡಿಯಬೇಕಾದಲ್ಲಿ 2 ಹಿಡಿದಿದ್ದರೆ ಅದನ್ನು ತೋರಿಸಿಕೊಡುವುದು ಸುಲಭ. ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿದರೆ ಸಾಕು. P ಇದ್ದರೆ ವ್ಯಕ್ತಿ, H ಇದ್ದರೆ ಹಿಂದೂ ಅವಿಭಕ್ತ ಕುಟುಂಬ, ಇವೆರಡಕ್ಕೆ ಶೇ 1. F ಇದ್ದರೆ ಪಾಲುದಾರಿಕೆ ಸಂಸ್ಥೆ, C ಇದ್ದರೆ ಕಂಪನಿ, ಇವಕ್ಕೆ ಶೇ 2. ಬಿಲ್ಲಿನ ತಲೆಯ ಮೇಲೆ ಮುದ್ರಿಸುವ ಜಿಎಸ್‌ಟಿ ನೋಂದಣಿ ಸಂಖ್ಯೆಯೊಳಗೇ ಪ್ಯಾನ್ ಕುಳಿತಿರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರಗಳು ಪ್ಯಾನ್. ಅಂದರೆ ಆ ಸಂಖ್ಯೆಯ ಆರನೇ ಅಕ್ಷರ P ಆಗಿದ್ದರೆ ವಾದ ಅಲ್ಲಿಗೇ ಮುಗಿಯಿತು. ಅಂಗಡಿಯ ಹೆಸರು ‘ಎಂಟರ್‌ಪ್ರೈಸಸ್’ ಎಂದಿದ್ದ ಮಾತ್ರಕ್ಕೆ ಅದು ಕಂಪನಿಯಾಗುವುದಿಲ್ಲ.

ಜಿಎಸ್‌ಟಿ ಸೇರಿಸಿ ಹಿಡಿಯುವ ತಪ್ಪಿಗೂ ಉತ್ತರ ಸ್ಪಷ್ಟವಾಗಿದೆ. ಕೇಂದ್ರ ನೇರ ತೆರಿಗೆ ಮಂಡಳಿ 2017ರ ಜುಲೈ 19ರಂದು ಹೊರಡಿಸಿದ 23ನೇ ಸುತ್ತೋಲೆಯ ಪ್ರಕಾರ, ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದ ಮೊತ್ತದ ಮೇಲೆ ಮಾತ್ರ ಟಿಡಿಎಸ್ ಹಿಡಿಯಬೇಕು. ‘ಪ್ರತ್ಯೇಕವಾಗಿ ತೋರಿಸಿದ್ದರೆ’ ಎಂಬ ಷರತ್ತನ್ನು ಮರೆಯಬಾರದು. ಎಲ್ಲ ಸೇರಿ 29,500 ಎಂದು ಒಂದೇ ಸಾಲಿನಲ್ಲಿ ಬರೆದು ಕಳಿಸಿದ ಬಿಲ್ಲಿಗೆ ಈ ಸುತ್ತೋಲೆ ನೆರವಿಗೆ ಬರುವುದಿಲ್ಲ.

ನಿರ್ವಹಣೆ, ರಿಪೇರಿ ಮಾಡುವವರಿಗೆ ಇನ್ನೊಂದು ತಕರಾರು ಆಗಾಗ ಎದುರಾಗುತ್ತದೆ. ‘ನಿಮ್ಮದು ತಾಂತ್ರಿಕ ಸೇವೆ, 194ಜೆ ಅಡಿ ಹಿಡಿಯುತ್ತೇವೆ’ ಎನ್ನುತ್ತಾರೆ. ಇದಕ್ಕೆ ಮಂಡಳಿ 1995ರ ಆಗಸ್ಟ್ 8ರ 715ನೇ ಸುತ್ತೋಲೆಯಲ್ಲೇ ಉತ್ತರ ಕೊಟ್ಟಿದೆ. ಬಿಡಿಭಾಗ ಸೇರಿದ ಸಾಮಾನ್ಯ, ನಿತ್ಯದ ನಿರ್ವಹಣಾ ಗುತ್ತಿಗೆ 194ಸಿ ವ್ಯಾಪ್ತಿಗೆ ಬರುತ್ತದೆ. ತಾಂತ್ರಿಕ ಸೇವೆಯೇ ಪ್ರಧಾನವಾದಾಗ ಮಾತು ಬೇರೆ. ಹಳೆಯ ಸುತ್ತೋಲೆ ನಿಜ, ಆದರೂ ವಾದ ಬಂದಾಗಲೆಲ್ಲ ಜನ ಇದನ್ನೇ ತೆಗೆದು ತೋರಿಸುತ್ತಾರೆ.

ಮತ್ತೆ ನಮ್ಮ ಗುತ್ತಿಗೆದಾರರ ಬಳಿಗೆ ಬರೋಣ. ಕಾರಣ ಗೊತ್ತಾಯಿತು, 1,210 ಸರಿಯೆಂದೂ ಆಯಿತು. ಇನ್ನು ಪುಸ್ತಕದಲ್ಲಿ ಅದನ್ನು ಹೇಗೆ ಬರೆಯಬೇಕು? ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಕೆಲವರು ಬಂದ 28,290 ಮಾತ್ರ ಜಮಾ ಮಾಡಿ ಸುಮ್ಮನಾಗುತ್ತಾರೆ. ಪಾರ್ಟಿ ಲೆಡ್ಜರಿನಲ್ಲಿ 1,210 ಬಾಕಿ ನಿಂತೇ ಇರುತ್ತದೆ, ತಿಂಗಳು ತಿಂಗಳು ಬೆಳೆಯುತ್ತದೆ. ವರ್ಷದ ಕೊನೆಗೆ ಕೊಡಬೇಕಾಗಿಲ್ಲದ ಹಣಕ್ಕೆ ಗಿರಾಕಿಗೆ ನೆನಪಿನೋಲೆ ಹೋಗುತ್ತದೆ. ಇನ್ನು ಕೆಲವರು ಲೆಡ್ಜರು ಚೊಕ್ಕಟವಾಗಲೆಂದು ಅದನ್ನು ರಿಯಾಯಿತಿ ಅಥವಾ ಬಾರದ ಸಾಲ ಎಂದು ಖರ್ಚಿಗೆ ಹಾಕಿಬಿಡುತ್ತಾರೆ. ಇದು ಅದಕ್ಕಿಂತ ಕೆಟ್ಟದ್ದು. ಆ 1,210 ಗುತ್ತಿಗೆದಾರರ ಪ್ಯಾನ್ ಮೇಲೆ ಸರ್ಕಾರಕ್ಕೆ ಮುಂಗಡವಾಗಿ ಕಟ್ಟಿದ ತೆರಿಗೆ. ಖರ್ಚು ಎಂದು ಬರೆದರೆ ಲಾಭವೂ ತಪ್ಪು, ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕಾದ ಹಣದ ಜಾಡೂ ತಪ್ಪಿತು.

ಸರಿಯಾದ ನಮೂದು ಇಷ್ಟೇ. 29,500ದ ಬಿಲ್ ಪೂರ್ತಿ ತೀರಿತು ಎಂದು ಪಾರ್ಟಿ ಖಾತೆಗೆ ಜಮೆ. ಅದರ ಎದುರಿಗೆ ಬ್ಯಾಂಕಿಗೆ 28,290, ‘ಟಿಡಿಎಸ್ ಬರಬೇಕಾದದ್ದು’ ಎಂಬ ಆಸ್ತಿ ಖಾತೆಗೆ 1,210 ಖರ್ಚು. ಟ್ಯಾಲಿಯಲ್ಲಿ ಬರೆಯುವವರು ರಸೀದಿ ವೋಚರಿನಲ್ಲೇ ಎರಡೂ ಸಾಲು ಹಾಕಿ ಆಯಾ ಬಿಲ್ ಸಂಖ್ಯೆಗೆ `Agst Ref` ಕೊಟ್ಟರೆ ಬಿಲ್‌ವಾರು ಬಾಕಿ ತಾನಾಗಿಯೇ ತೊಳೆದುಹೋಗುತ್ತದೆ. ಮಾರಾಟ 25,000 ಎಂದೇ ಉಳಿಯಬೇಕು, ಜಿಎಸ್‌ಟಿ 4,500 ಪೂರ್ತಿ ಕಟ್ಟಬೇಕು. ಕೈಗೆ ಕಮ್ಮಿ ಬಂತೆಂದು ಆದಾಯವೂ ಇಳಿಯುವುದಿಲ್ಲ, ಜಿಎಸ್‌ಟಿಯೂ ಇಳಿಯುವುದಿಲ್ಲ.

ಮುಂದಿನದು ಕಾಯುವ ಕೆಲಸ, ಆದರೆ ಎಷ್ಟು ದಿನ ಕಾಯಬೇಕೆಂಬ ಲೆಕ್ಕ ಇಟ್ಟುಕೊಂಡು ಕಾಯುವುದು. ಆಗಸ್ಟಿನಲ್ಲಿ ಹಿಡಿದ ತೆರಿಗೆಯನ್ನು ಕಂಪನಿ ಸೆಪ್ಟೆಂಬರ್ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಆದರೆ ಕಟ್ಟಿದ ಚಲನ್‌ನಲ್ಲಿ ನಮ್ಮ ಗುತ್ತಿಗೆದಾರರ ಹೆಸರಿರುವುದಿಲ್ಲ, ಕಂಪನಿಯ ಟ್ಯಾನ್ ಮತ್ತು ಒಟ್ಟು ಮೊತ್ತ ಅಷ್ಟೇ. ಯಾರ ಪ್ಯಾನ್‌ಗೆ ಎಷ್ಟು ಎಂದು ಹೇಳುವುದು ಮೂರು ತಿಂಗಳಿಗೊಮ್ಮೆ ಸಲ್ಲಿಸುವ 26ಕ್ಯೂ ಎಂಬ ರಿಟರ್ನ್. ಜುಲೈ–ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಅದರ ಕೊನೆಯ ದಿನ ಅಕ್ಟೋಬರ್ 31. ಅದಾದ ಹದಿನೈದು ದಿನದೊಳಗೆ ಕಂಪನಿ ಫಾರ್ಮ್ 16ಎ ಎಂಬ ಪ್ರಮಾಣಪತ್ರ ಕೊಡಬೇಕು. ಹಾಗಾಗಿ ಆಗಸ್ಟಿನ ಕಡಿತ ಸೆಪ್ಟೆಂಬರಿನಲ್ಲಿ ಕಾಣಲಿಲ್ಲ ಎಂದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ನವೆಂಬರ್ ಮಧ್ಯ ದಾಟಿದರೂ ಕಾಣದಿದ್ದರೆ ಕೇಳಬೇಕು. ಉಳಿದ ತ್ರೈಮಾಸಿಕಗಳಿಗೆ ಕೊನೆಯ ದಿನಗಳು ಜುಲೈ 31, ಜನವರಿ 31, ಮೇ 31. ಮಾರ್ಚ್ ತಿಂಗಳ ಕಡಿತ ಕಟ್ಟಲು ಮಾತ್ರ ಏಪ್ರಿಲ್ 30ರವರೆಗೆ ಸಮಯವಿದೆ.

ಕಾಣುವುದು ಎಲ್ಲಿ? ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ `e-File > Income Tax Returns > View Form 26AS` ಒತ್ತಿದರೆ ಟ್ರೇಸಸ್ ಎಂಬ ಇನ್ನೊಂದು ತಾಣಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಪ್ರತಿ ಗಿರಾಕಿಯ ಹೆಸರು, ಟ್ಯಾನ್, ಅದರ ಕೆಳಗೆ ಒಂದೊಂದು ಸಾಲಿಗೂ ಸೆಕ್ಷನ್, ದಿನಾಂಕ, ಸಂದಾಯವಾದ ಅಥವಾ ಖಾತೆಗೆ ಜಮೆಯಾದ ಮೊತ್ತ, ಹಿಡಿದ ತೆರಿಗೆ, ಕಟ್ಟಿದ ತೆರಿಗೆ ಇರುತ್ತವೆ. ಕೆಲವು ಗಿರಾಕಿಗಳ ಟ್ಯಾನ್ ಒಂದಕ್ಕಿಂತ ಹೆಚ್ಚು ಇರುತ್ತದೆ, ಮುಖ್ಯ ಕಚೇರಿಯದೊಂದು, ಶಾಖೆಯದೊಂದು. ಬೆಂಗಳೂರಿನ ಕೆಲಸಕ್ಕೆ ಬೇರೆ ಊರಿನ ಟ್ಯಾನ್‌ನಡಿ ಕಡಿತ ಕಂಡರೆ ಬೆಚ್ಚಬೇಕಾಗಿಲ್ಲ. ಸ್ಥಿತಿಯನ್ನು ಹೇಳುವ ಒಂದು ಅಂಕಣವೂ ಇದೆ. F ಇದ್ದರೆ ಎಲ್ಲ ಸರಿಹೋಗಿದೆ. U ಇದ್ದರೆ ರಿಟರ್ನ್‌ನಲ್ಲಿ ಬರೆದದ್ದಕ್ಕೂ ಚಲನ್‌ಗೂ ತಾಳೆಯಾಗಿಲ್ಲ, ಆ ಹಣ ಇನ್ನೂ ನಿಮ್ಮ ಲೆಕ್ಕಕ್ಕೆ ಬಂದಿಲ್ಲ.

ಲೆಕ್ಕ ತಾಳೆ ನೋಡಲು ದೊಡ್ಡ ತಂತ್ರಾಂಶ ಬೇಡ. ಒಂದು ಹಾಳೆಯಲ್ಲಿ ಬಿಲ್ ಸಂಖ್ಯೆ, ಜಿಎಸ್‌ಟಿ ಬಿಟ್ಟ ಮೊತ್ತ, ನಮ್ಮ ಪುಸ್ತಕದ ಪ್ರಕಾರ ಹಿಡಿದದ್ದು, 26ಎಎಸ್‌ನಲ್ಲಿ ಕಂಡದ್ದು, ವ್ಯತ್ಯಾಸ, ಕಾರಣ. ಕೊನೆಯ ಅಂಕಣ ಖಾಲಿ ಉಳಿಯದಂತೆ ನೋಡಿಕೊಳ್ಳುವುದೇ ಇಡೀ ಕೆಲಸ.

ನಮ್ಮ ಗುತ್ತಿಗೆದಾರರ 2024–25ರ ಹಾಳೆ ಹೀಗಿದೆ. ಆಗಸ್ಟ್‌ವರೆಗೆ 1,21,000ಕ್ಕೆ 1,210. ಸೆಪ್ಟೆಂಬರ್ 26,000ಕ್ಕೆ 260. ಅಕ್ಟೋಬರ್ ಬಿಲ್ 20,000, ಹಿಡಿಯಬೇಕಿದ್ದದ್ದು 200, ಹಿಡಿದದ್ದು 236. ಹೊಸದಾಗಿ ಬಂದ ಗುಮಾಸ್ತ ಜಿಎಸ್‌ಟಿ ಸೇರಿದ 23,600ರ ಮೇಲೆ ಹಿಡಿದಿದ್ದಾನೆ. ನವೆಂಬರ್ 24,000ಕ್ಕೆ 240, ಡಿಸೆಂಬರ್ 25,000ಕ್ಕೆ 250, ಜನವರಿ 22,000ಕ್ಕೆ 220, ಫೆಬ್ರವರಿ 28,000ಕ್ಕೆ 280. ಮಾರ್ಚ್ ಬಿಲ್ 34,000. ಅದಕ್ಕೆ 340 ಹಿಡಿದದ್ದು ಏಪ್ರಿಲ್‌ನಲ್ಲಿ ಹಣ ಬಂದಾಗ ಗೊತ್ತಾಯಿತು. ವರ್ಷದ ಮಾರಾಟ 3,00,000. ಮಾರ್ಚ್ 31ರವರೆಗೆ ಪುಸ್ತಕದಲ್ಲಿ ಟಿಡಿಎಸ್ 2,696.

2025ರ ಜೂನ್‌ನಲ್ಲಿ 26ಎಎಸ್ ತೆಗೆದರೆ ಕಂಡದ್ದು 1,970. ವ್ಯತ್ಯಾಸ 726.

ಇಲ್ಲಿಯೂ ಮೊದಲು ಅಂಕಿಯನ್ನೇ ನೋಡಬೇಕು. 726 ಯಾವ ಬಿಲ್ಲುಗಳ ಮೊತ್ತ? 236, 240, 250 ಕೂಡಿದರೆ 726. ಅಕ್ಟೋಬರ್, ನವೆಂಬರ್, ಡಿಸೆಂಬರ್. ಇಡೀ ಒಂದು ತ್ರೈಮಾಸಿಕವೇ ಇಲ್ಲ. ಬಿಡಿ ಬಿಡಿ ಬಿಲ್ ತಪ್ಪಿದ್ದರೆ ಗಿರಾಕಿಯ ಪುಸ್ತಕದಲ್ಲೇ ಎಡವಟ್ಟಾಗಿದೆ ಎನ್ನಬಹುದಿತ್ತು. ಮೂರು ತಿಂಗಳು ಒಟ್ಟಿಗೆ ಕಾಣೆಯಾಗಿದ್ದರೆ ದೋಷ ಆ ತ್ರೈಮಾಸಿಕದ 26ಕ್ಯೂನಲ್ಲಿದೆ. ಒಂದೋ ಅದನ್ನು ಸಲ್ಲಿಸಿಲ್ಲ, ಇಲ್ಲವೇ ಸಲ್ಲಿಸುವಾಗ ಪ್ಯಾನ್ ತಪ್ಪಾಗಿದೆ. ಹಾಗಾಗಿ ಗಿರಾಕಿಗೆ ‘ನಮ್ಮ ಟಿಡಿಎಸ್ ಕಾಣ್ತಿಲ್ಲ, ನೋಡಿ’ ಎಂದು ಬರೆದರೆ ಉತ್ತರ ಬರುವುದಿಲ್ಲ. ಬರೆಯಬೇಕಾದದ್ದು ಹೀಗೆ:

‘2024–25ರ ಮೂರನೇ ತ್ರೈಮಾಸಿಕದಲ್ಲಿ ನಮ್ಮ ಮೂರು ಬಿಲ್ಲುಗಳಿಂದ 236, 240, 250, ಒಟ್ಟು 726 ರೂಪಾಯಿ ಟಿಡಿಎಸ್ ಹಿಡಿದಿದ್ದೀರಿ. ಬಿಲ್ ಸಂಖ್ಯೆ, ಹಣ ಬಂದ ದಿನ, ಬ್ಯಾಂಕಿನ ಯುಟಿಆರ್ ಸಂಖ್ಯೆ ಕೆಳಗಿವೆ. ಈ ಮೊತ್ತ ನಮ್ಮ 26ಎಎಸ್‌ನಲ್ಲಿ ಇಲ್ಲ. ಎರಡನೇ ಮತ್ತು ನಾಲ್ಕನೇ ತ್ರೈಮಾಸಿಕಗಳದ್ದು ಬಂದಿದೆ. ನಮ್ಮ ಪ್ಯಾನ್ ಬಿಲ್ಲಿನಲ್ಲಿರುವಂತೆ ಇದೆಯೇ ಎಂದು ಆ ತ್ರೈಮಾಸಿಕದ 26ಕ್ಯೂನಲ್ಲಿ ನೋಡಿ, ತಪ್ಪಿದ್ದರೆ ತಿದ್ದುಪಡಿ ರಿಟರ್ನ್ ಸಲ್ಲಿಸಿ ಫಾರ್ಮ್ 16ಎ ಕಳಿಸಿಕೊಡಿ.’

ಇಂಥ ಪತ್ರ ಸಿಕ್ಕಿದರೆ ಆ ಕಡೆಯವರು ಹುಡುಕಬೇಕಾದದ್ದು ಒಂದೇ ಜಾಗ. ಸಿಕ್ಕಿದ್ದೂ ಅಲ್ಲೇ. ಹೆಸರು ಹೋಲುವ ಇನ್ನೊಬ್ಬ ಗುತ್ತಿಗೆದಾರರ ಪ್ಯಾನ್ ಎದುರು ಈ ಮೂರು ಸಾಲು ಕುಳಿತಿದ್ದವು. ತಿದ್ದುಪಡಿ ರಿಟರ್ನ್ ಸಲ್ಲಿಸುವ ಅಧಿಕಾರ ತೆರಿಗೆ ಹಿಡಿದವರಿಗೆ ಮಾತ್ರ ಇದೆ. ಹಣ ಕಳೆದುಕೊಂಡವರು ಪೋರ್ಟಲ್‌ನಲ್ಲಿ ಎಷ್ಟು ಗುದ್ದಾಡಿದರೂ ಅಲ್ಲಿಂದ ಸರಿಪಡಿಸಲಾಗದು. ತಪ್ಪು ಮಾಡಿದವರು ಒಬ್ಬರು, ಹಿಂದೆ ಬೀಳಬೇಕಾದವರು ಇನ್ನೊಬ್ಬರು. ಈ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ. ಕೈಬದಲಾಗುವ ಗುಮಾಸ್ತರು, ಬದಲಾಗುವ ಆಡಿಟರು ಇವರ ನಡುವೆ ಎರಡು ವರ್ಷ ಹಳೆಯ 726 ರೂಪಾಯಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ವರ್ಷದ ಕೊನೆಗಲ್ಲ, ಮೂರು ತಿಂಗಳಿಗೊಮ್ಮೆ ಹಾಳೆ ತೆಗೆದು ನೋಡುವುದು ಲೇಸು.

ಅಕ್ಟೋಬರಿನ ಹೆಚ್ಚುವರಿ 36 ರೂಪಾಯಿಗಾಗಿ ಯಾರೂ ತಿದ್ದುಪಡಿ ಕೇಳಲು ಹೋಗಬಾರದು, ಬೇಕಾಗಿಯೂ ಇಲ್ಲ. ಹೆಚ್ಚು ಹಿಡಿದರೂ ನಮ್ಮ ಪ್ಯಾನ್‌ಗೆ ಬಂದಿದೆ, ರಿಟರ್ನ್‌ನಲ್ಲಿ ಪೂರ್ತಿ 236 ಕೇಳಿದರಾಯಿತು. ಆದರೆ ಮುಂದಿನ ಬಿಲ್‌ನಿಂದ ಸರಿಮಾಡಿ ಎಂದು ಹೇಳಲೇಬೇಕು. ಇಡೀ ವರ್ಷ ಜಿಎಸ್‌ಟಿ ಸೇರಿಸಿಯೇ ಹಿಡಿದಿದ್ದರೆ 26ಎಎಸ್‌ನಲ್ಲಿ ನಮಗೆ ಸಂದಾಯವಾದ ಮೊತ್ತ 3,54,000 ಎಂದು ಕಾಣುತ್ತಿತ್ತು, ರಿಟರ್ನ್‌ನಲ್ಲಿ ನಾವು ತೋರಿಸುವುದು 3,00,000. 54,000 ಆದಾಯ ಮುಚ್ಚಿಟ್ಟಿದ್ದೀರಾ ಎಂದು ಇಲಾಖೆಯ ಕಂಪ್ಯೂಟರ್ ಕೇಳಬಹುದು. ಕೇಳಿದರೆ ಉತ್ತರವಿದೆ, ಜಿಎಸ್‌ಟಿ ರಿಟರ್ನ್ ಎದುರಿಟ್ಟು ತೋರಿಸಬಹುದು. ಕೇಳಿಸಿಕೊಳ್ಳದಿದ್ದರೆ ಇನ್ನೂ ಒಳ್ಳೆಯದಲ್ಲವೇ?

ಪ್ಯಾನ್ ಸರಿಹೋದ ಮೇಲೆ 26ಎಎಸ್‌ನಲ್ಲಿ ತೆರಿಗೆ 2,696 ಆಯಿತು, ಪುಸ್ತಕಕ್ಕೂ ಅದಕ್ಕೂ ತಾಳೆ. ಮೊತ್ತದ ಅಂಕಣದಲ್ಲಿ ಮಾತ್ರ 2,69,600 ಇದೆ, ಪುಸ್ತಕದಲ್ಲಿ 3,00,000. ಈ 30,400 ವ್ಯತ್ಯಾಸವನ್ನು ಬಿಡಿಸಿದರೆ ಎರಡು ತುಂಡು ಸಿಗುತ್ತವೆ. ಮಾರ್ಚ್ ಬಿಲ್ಲಿನ 34,000 ಅಲ್ಲಿ ಇನ್ನೂ ಬಂದಿಲ್ಲ. ಅಕ್ಟೋಬರಿನ ಜಿಎಸ್‌ಟಿ 3,600 ಅಲ್ಲಿ ಹೆಚ್ಚಾಗಿ ಸೇರಿದೆ. 34,000ದಲ್ಲಿ 3,600 ಕಳೆದರೆ 30,400. ನಾವು ತೋರಿಸುವ ಮಾರಾಟವೇ ಹೆಚ್ಚಿರುವುದರಿಂದ ಇಲಾಖೆಗೆ ಕೇಳಲು ಏನೂ ಇಲ್ಲ. ಆದರೂ ಎರಡೂ ಸಾಲು ಹಾಳೆಯಲ್ಲಿರಲಿ.

ಹಿಡಿದ ತೆರಿಗೆಯನ್ನು ಕಂಪನಿ ಕಟ್ಟಲೇ ಇಲ್ಲ ಎಂದಾದರೆ? ಇದು ಪ್ಯಾನ್ ತಪ್ಪಿದಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ಕಾಯ್ದೆಯ 205ನೇ ಸೆಕ್ಷನ್ ಪ್ರಕಾರ, ನಿಮ್ಮ ಹಣದಿಂದ ತೆರಿಗೆ ಹಿಡಿದದ್ದಾದರೆ ಅಷ್ಟು ತೆರಿಗೆಯನ್ನು ಮತ್ತೆ ನಿಮ್ಮಿಂದ ವಸೂಲು ಮಾಡುವಂತಿಲ್ಲ. 2015 ಮತ್ತು 2016ರಲ್ಲಿ ಮಂಡಳಿಯೇ ತನ್ನ ಅಧಿಕಾರಿಗಳಿಗೆ ಇದನ್ನು ನೆನಪಿಸಿದೆ. ಆದರೆ ರಿಟರ್ನ್ ಪರಿಶೀಲಿಸುವ ಕಂಪ್ಯೂಟರ್ 26ಎಎಸ್ ಬಿಟ್ಟು ಬೇರೆ ನೋಡುವುದಿಲ್ಲ. ಅಲ್ಲಿ ಇಲ್ಲದ ಮೊತ್ತವನ್ನು ಕೇಳಿದರೆ ಬಾಕಿ ತೆರಿಗೆಯ ನೋಟಿಸ್ ಬರುತ್ತದೆ. ಆಗ ಬಿಲ್, ಕಮ್ಮಿ ಹಣ ಬಂದ ಬ್ಯಾಂಕ್ ವಿವರ, ಟಿಡಿಎಸ್ ಹಿಡಿದಿದ್ದೇವೆ ಎಂದು ಗಿರಾಕಿ ಬರೆದುಕೊಟ್ಟ ಕಾಗದ, ಇವೇ ಆಧಾರ. ಫೋನಿನಲ್ಲಿ ಹೇಳಿದ್ದನ್ನು ಒಂದು ಇ-ಮೇಲ್‌ನಲ್ಲಾದರೂ ಬರೆಸಿಕೊಳ್ಳಿ ಎನ್ನುವುದು ಇದಕ್ಕೇ. ಹಿಡಿದು ಕಟ್ಟದಿದ್ದವರಿಗೆ ತಿಂಗಳಿಗೆ ಶೇ 1.5 ಬಡ್ಡಿ, ರಿಟರ್ನ್ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕವಿದೆ. ಪತ್ರದಲ್ಲಿ ಇದನ್ನು ನಯವಾಗಿ ನೆನಪಿಸಿದರೆ ಕೆಲಸ ಬೇಗ ಆಗುವುದೂ ಉಂಟು.

ಸರ್ಕಾರಿ ಇಲಾಖೆ, ಪಾಲಿಕೆಗಳಿಗೆ ಕೆಲಸ ಮಾಡುವವರು ಒಂದು ಮಾತು ಗಮನದಲ್ಲಿಡಬೇಕು. ಅವರ ಬಿಲ್ಲಿನಲ್ಲಿ ಇನ್ನೊಂದು ಟಿಡಿಎಸ್ ಕೂಡ ಕಡಿತವಾಗುತ್ತದೆ. ಗುತ್ತಿಗೆ ಎರಡೂವರೆ ಲಕ್ಷ ದಾಟಿದ್ದರೆ ಜಿಎಸ್‌ಟಿ ಕಾಯ್ದೆಯ 51ನೇ ಸೆಕ್ಷನ್‌ನಡಿ ಶೇ 2. ಅದನ್ನು 26ಎಎಸ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ `TDS and TCS Credit Received` ಎಂಬಲ್ಲಿ ಬಂದು ಕುಳಿತಿರುತ್ತದೆ. ನಾವೇ ಒಪ್ಪಿಗೆ ಕೊಟ್ಟ ಮೇಲೆ ನಗದು ಲೆಡ್ಜರಿಗೆ ಸೇರುತ್ತದೆ, ಜಿಎಸ್‌ಟಿ ಕಟ್ಟಲು ಬಳಸಬಹುದು. ಎರಡನ್ನೂ ಒಂದೇ ಖಾತೆಗೆ ಬರೆದಿಟ್ಟರೆ ಯಾವುದೂ ತಾಳೆಯಾಗುವುದಿಲ್ಲ.

ಉಳಿದದ್ದು ಮಾರ್ಚ್ ಬಿಲ್ಲಿನ 340 ರೂಪಾಯಿ. ಬಿಲ್ ಮಾರ್ಚ್ 31ರದು, ಗುತ್ತಿಗೆದಾರರು ಅದನ್ನು 2024–25ರ ಆದಾಯಕ್ಕೆ ಸೇರಿಸಿದ್ದಾರೆ. ಆದರೆ ಅದು ಗಿರಾಕಿಯ ಮೇಜಿಗೆ ಹೋದದ್ದು ಏಪ್ರಿಲ್ ಮೊದಲ ವಾರ. ಅವರು ಏಪ್ರಿಲ್‌ನಲ್ಲಿ ಬರೆದು ಏಪ್ರಿಲ್‌ನಲ್ಲೇ ಟಿಡಿಎಸ್ ಹಿಡಿದರು. ಅದು ಕಾಣುವುದು 2025–26ರ 26ಎಎಸ್‌ನಲ್ಲಿ. ಆದಾಯ ಯಾವ ವರ್ಷದ್ದೋ ತೆರಿಗೆ ಜಮೆಯೂ ಆ ವರ್ಷಕ್ಕೇ ಸಿಗಬೇಕು ಎಂಬುದು ನಿಯಮ. ಹೀಗೆ ಆದಾಯ ಮೊದಲೇ ತೋರಿಸಿ ತೆರಿಗೆ ಆಮೇಲೆ ಹಿಡಿದ ಪ್ರಸಂಗಕ್ಕಾಗಿ 2023ರ ಅಕ್ಟೋಬರ್ 1ರಿಂದ ಫಾರ್ಮ್ 71 ಎಂಬುದನ್ನು ತಂದಿದ್ದಾರೆ. ತೆರಿಗೆ ಹಿಡಿದ ಹಣಕಾಸು ವರ್ಷ ಮುಗಿದು ಎರಡು ವರ್ಷದೊಳಗೆ ಸಲ್ಲಿಸಬೇಕು, ನಮ್ಮ ಪ್ರಸಂಗದಲ್ಲಿ 2028ರ ಮಾರ್ಚ್ 31ರೊಳಗೆ. ಇದರ ತಿರುಗುಮುರುಗು, ಅಂದರೆ ಗಿರಾಕಿ ಮಾರ್ಚ್‌ನಲ್ಲೇ ಖರ್ಚು ಬರೆದು ಟಿಡಿಎಸ್ ಹಿಡಿದು ನಾವು ಬಿಲ್ಲನ್ನು ಏಪ್ರಿಲ್‌ನಲ್ಲಿ ಮಾಡಿದ್ದಾದರೆ ಕೆಲಸ ಸುಲಭ. ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯುವ ಅಂಕಣವಿದೆ, ಅಲ್ಲಿ ಬರೆದರಾಯಿತು.

340 ರೂಪಾಯಿಗೆ ಫಾರ್ಮ್ 71 ತುಂಬುವ ವ್ಯವಧಾನ ಎಷ್ಟು ಜನರಿಗಿದ್ದೀತು? 34 ಲಕ್ಷದ ಬಿಲ್ಲಾಗಿದ್ದರೆ ಅದೇ 34,000, ಆಗ ತುಂಬುತ್ತಾರೆ. ಸಣ್ಣವರಿಗೆ ಇದಕ್ಕಿಂತ ಒಳ್ಳೆಯ ದಾರಿ ಮಾರ್ಚ್ ಬಿಲ್ಲನ್ನು ಮಾರ್ಚ್‌ನಲ್ಲೇ ಗಿರಾಕಿಯ ಇ-ಮೇಲ್‌ಗೆ ಮುಟ್ಟಿಸುವುದು, ‘ಈ ವರ್ಷದ ಲೆಕ್ಕಕ್ಕೇ ತೆಗೆದುಕೊಂಡು ಟಿಡಿಎಸ್ ಹಿಡಿಯಿರಿ’ ಎಂದು ಹೇಳುವುದು. ಖಾತೆಗೆ ಜಮೆ ಮಾಡಿದಾಗ ಅಥವಾ ಹಣ ಕೊಟ್ಟಾಗ, ಯಾವುದು ಮೊದಲೋ ಆಗಲೇ ಹಿಡಿಯಬೇಕೆಂದು ಕಾನೂನೇ ಹೇಳುವುದರಿಂದ ಹಣ ಏಪ್ರಿಲ್‌ನಲ್ಲಿ ಕೊಟ್ಟರೂ ಮಾರ್ಚ್‌ನಲ್ಲಿ ಹಿಡಿಯಲು ಅವರಿಗೆ ಅಡ್ಡಿಯಿಲ್ಲ.

ಇಲ್ಲಿ ಹೇಳಿದ ಸೆಕ್ಷನ್ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು, ಆ ವರ್ಷಗಳ ಲೆಕ್ಕಕ್ಕೆ ಅವೇ ನಡೆಯುತ್ತವೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದ್ದು, ಬಿಡಿಬಿಡಿಯಾಗಿದ್ದ ಟಿಡಿಎಸ್ ಸೆಕ್ಷನ್‌ಗಳನ್ನು 393ನೇ ಸೆಕ್ಷನ್‌ನ ಕೋಷ್ಟಕಗಳಿಗೆ ತಂದಿದ್ದಾರೆ. ಆ ದಿನದ ನಂತರದ ಪಾವತಿ ವಿವರದಲ್ಲಿ 194ಸಿ ಎಂದು ಹುಡುಕಿದರೆ ಸಿಗದಿರಬಹುದು. ಅಂಥ ಪಾವತಿಯ ಬಗ್ಗೆ ಪತ್ರ ಬರೆಯುವಾಗ ಗಿರಾಕಿ ಯಾವ ಸಂಖ್ಯೆ ನಮೂದಿಸಿದ್ದಾರೋ ಅದನ್ನೇ ಬರೆಯಿರಿ, ಜತೆಗೆ ಬಿಲ್ ಸಂಖ್ಯೆಯನ್ನೂ ಜಿಎಸ್‌ಟಿ ಬಿಟ್ಟ ಮೊತ್ತವನ್ನೂ ಬಿಡದೆ ಕೊಡಿ.